ಸ್ಲೈಡಲ್ಲಿ ಇರೋದನ್ನೇ ಕ್ಯಾಪ್ಷನ್ನಲ್ಲೂ ಬರೆಯಬೇಕಾ? (ಬೆಲ್ಲದ ಪೇಜು, ಪಾಂಡವಪುರ)

ಆಲೆಮನೆ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರ ಒಂದು ಚಿಕ್ಕ ಆಲೆಮನೆ. ಅಪ್ಪ, ಅಣ್ಣ ಬೆಲ್ಲ ಮಾಡುತ್ತಾರೆ, ಇನ್‌ಸ್ಟಾಗ್ರಾಮ್ ಪೇಜು ನಾನು ನೋಡಿಕೊಳ್ಳುತ್ತೇನೆ. ಹೋದ ವಾರ ಏಳು ಸ್ಲೈಡಿನ ಒಂದು ಕ್ಯಾರೋಸೆಲ್ ಹಾಕಿದೆ. ಎರಡು ರಾತ್ರಿ ಕೂತು ಮಾಡಿದ್ದು. ಸ್ಲೈಡುಗಳಲ್ಲಿ ಇದ್ದದ್ದು ಇಷ್ಟು:

1. ಬೆಲ್ಲ ಹಳದಿ ಇದ್ದಷ್ಟೂ ಒಳ್ಳೆಯದಾ?
2. ಕಬ್ಬಿನ ಹಾಲು ಕೊಪ್ಪರಿಗೆಗೆ ಬರುವುದು
3. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದು
4. ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿದರೆ ಬಣ್ಣ ತಿಳಿಯಾಗುತ್ತದೆ
5. ಕಂದು ಬೆಲ್ಲ ಅಂದರೆ ಹೈಡ್ರೋಸ್ ಇಲ್ಲದ ಬೆಲ್ಲ
6. ಗಾಳಿಯಾಡದ ಡಬ್ಬಿಯಲ್ಲಿ ಇಡಿ
7. ಬೆಲೆ, ಫೋನ್ ನಂಬರ್

ಕ್ಯಾಪ್ಷನ್ನಲ್ಲಿ ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ. ಸುಮ್ನೆ ಈ ಏಳೂ ಸ್ಲೈಡಿನ ಮಾತನ್ನು ಹಾಗೇ ಕೆಳಗೆ ಟೈಪ್ ಮಾಡಿದೆ. ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ನೋಡಿ, "ಮೇಲೆ ಓದಿದ್ದನ್ನೇ ಕೆಳಗೂ ಓದಿಸುತ್ತೀಯಲ್ಲೇ" ಅಂದಳು. ಅಣ್ಣ ಹೇಳುವುದು ಬೇರೆ: ಎಲ್ಲರೂ ಕೊನೆ ಸ್ಲೈಡಿನವರೆಗೆ ಹೋಗಲ್ಲ, ಅದಕ್ಕೆ ಕೆಳಗೂ ಇರಲಿ. ಇಬ್ಬರಲ್ಲಿ ಯಾರು ಸರಿ? ಎಲ್ಲಾ ಸ್ಲೈಡಲ್ಲೇ ಹೇಳಿಬಿಟ್ಟ ಮೇಲೆ ಕ್ಯಾಪ್ಷನ್ನಿಗೆ ಉಳಿಯುವುದಾದರೂ ಏನು?

ರೀಲ್ಸ್ ರಾಜ
ಕ್ಯಾಪ್ಷನ್ ಯಾರೂ ಓದಲ್ಲ ಮೇಡಂ. ನಾಲ್ಕು ಹ್ಯಾಶ್‌ಟ್ಯಾಗ್ ಹಾಕಿ, ಒಂದು ಕಬ್ಬಿನ ಎಮೋಜಿ ಹಾಕಿ, ಮುಗೀತು. ಅಂದಹಾಗೆ ಕಬ್ಬಿಗೆ ಎಮೋಜಿನೇ ಇಲ್ಲ, ಬಿದಿರಿನದ್ದೇ ಹಾಕಿ.

ನಿವೃತ್ತ ಮೇಷ್ಟ್ರು, ಕುವೆಂಪುನಗರ
ಕ್ಯಾರೋಸೆಲ್ ಅಂದರೆ ನಮ್ಮ ದಸರಾ ವಸ್ತುಪ್ರದರ್ಶನದಲ್ಲಿ ಕುದುರೆ ಸುತ್ತುತ್ತದಲ್ಲ, ಅದೇ ಅಲ್ಲವೇ? ಅದಕ್ಕೂ ಬೆಲ್ಲಕ್ಕೂ ಏನು ಸಂಬಂಧ ಅಂತ ಎರಡು ಸಲ ಓದಿದೆ.

ರೀಲ್ಸ್ ರಾಜ
ಮೇಷ್ಟ್ರೇ 😄 ಒಂದೇ ಪೋಸ್ಟಿನಲ್ಲಿ ಸಾಲಾಗಿ ಚಿತ್ರಗಳು ಇರುತ್ತವೆ, ಬೆರಳಲ್ಲಿ ತಳ್ಳುತ್ತಾ ಹೋಗುವುದು. ಕುದುರೆ ಇಲ್ಲ.

ಪ್ರೆಸ್ ಹಳಬ, ಮೈಸೂರು
ಆಲೆಮನೆ ಮಗಳೇ, ನಿಮ್ಮ ಅಣ್ಣನೂ ಅರ್ಧ ಸರಿ, ಚಿಕ್ಕಮ್ಮನ ಮಗಳೂ ಅರ್ಧ ಸರಿ. ನಾನು ಮೊದಲು ಲಗ್ನಪತ್ರಿಕೆ ಪ್ರಿಂಟ್ ಮಾಡುವ ಪ್ರೆಸ್ಸಲ್ಲಿದ್ದೆ, ಈಗ ಅಂಗಡಿಗಳ ಪೇಜುಗಳಿಗೆ ಬರೆದುಕೊಡುತ್ತೇನೆ. ಹಾಗಾಗಿ ಪತ್ರಿಕೆಯ ಲೆಕ್ಕದಲ್ಲೇ ಹೇಳುತ್ತೇನೆ.

ಲಗ್ನಪತ್ರಿಕೆ ಕೊಡಲು ಮನೆಗೆ ಹೋದಾಗ ಯಾರಾದರೂ ಅದನ್ನು ಬಾಗಿಲಲ್ಲಿ ನಿಂತು ಓದಿ ಹೇಳುತ್ತಾರಾ? ಇಲ್ಲ. ಮುಹೂರ್ತ, ಛತ್ರದ ವಿಳಾಸ ಕಾರ್ಡಿನಲ್ಲಿದೆ. ಬಾಯಲ್ಲಿ ಹೇಳುವುದು ಬೇರೆ. "ಚಪ್ಪರದ ದಿನವೇ ಬಂದುಬಿಡಿ, ಅಜ್ಜಿಗೆ ಕೆಳಗಡೆ ರೂಮು ಇಟ್ಟಿದ್ದೇವೆ, ಗಾಡಿ ಹಿಂದಿನ ಗೇಟಲ್ಲಿ ನಿಲ್ಲಿಸಿ." ಸ್ಲೈಡು ಕಾರ್ಡು. ಕ್ಯಾಪ್ಷನ್ನು ಬಾಗಿಲಲ್ಲಿ ಆಡುವ ಮಾತು.

ಈಗ ಒಂದು ಕೆಲಸ ಮಾಡಿ. ಆ ಪೋಸ್ಟ್ ನೋಡಿದ ಮೇಲೂ ಗಿರಾಕಿಗಳು ಫೋನ್ ಮಾಡಿ ಏನು ಕೇಳಿದರು? ಹಾಗೇ ಬರೆದು ಹಾಕಿ. ಅಲ್ಲಿಂದ ಶುರು ಮಾಡೋಣ.

ಆಲೆಮನೆ ಮಗಳು
ನೆನಪಿರುವಷ್ಟು ಹೇಳುತ್ತೇನೆ ಸರ್. ಒಬ್ಬರು "ಇಷ್ಟು ಕಪ್ಪಗಿದೆಯಲ್ಲ, ಸೀದು ಹೋಗಿದೆಯಾ" ಅಂದರು. ಇಬ್ಬರು "ಮಳೆಗಾಲದಲ್ಲಿ ಒದ್ದೆಯಾಗುತ್ತಾ" ಅಂತ ಕೇಳಿದರು. ಒಬ್ಬರು "ಈಗ ಅಚ್ಚು ಇದೆಯಾ, ಇಲ್ಲಾ ಪುಡಿ ಮಾತ್ರಾನಾ" ಅಂದರು. ಇನ್ನೊಬ್ಬರು, "ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತೆ, ನಿಮ್ಮದೂ ಹಾಗೇನಾ" ಅಂತ ಜಗಳಕ್ಕೇ ಬಂದರು.

ಗೌಡ್ರ ಮನೆ ಸೊಸೆ, ಮದ್ದೂರು
ಹಾಲಿಗೆ ಬೆಲ್ಲ ಹಾಕಿ ಕುದಿಸಿದರೆ ಯಾವ ಬೆಲ್ಲವಾದರೂ ಒಡೆಯಬಹುದು ಕಣವ್ವ. ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಹಾಕಬೇಕು. ನಮ್ಮತ್ತೆ ಬೆಲ್ಲ ಬೇರೆ ಕರಗಿಸಿ ಸೋಸಿ ಹಾಕುತ್ತಿದ್ದರು.

ಪ್ರೆಸ್ ಹಳಬ, ಮೈಸೂರು
ನೋಡಿ, ಕ್ಯಾಪ್ಷನ್ ಸಿಕ್ಕಿಬಿಟ್ಟಿತು. ನಾಲ್ಕು ಪ್ರಶ್ನೆಯಲ್ಲಿ ಒಂದಕ್ಕೂ ನಿಮ್ಮ ಏಳು ಸ್ಲೈಡಲ್ಲಿ ಪೂರ್ತಿ ಉತ್ತರ ಇಲ್ಲ. "ಕ್ಯಾಪ್ಷನ್ನಿಗೆ ಏನು ಉಳಿಯುತ್ತದೆ" ಅಂದಿರಲ್ಲ, ಉಳಿಯುವುದು ಇದೇ. ಸ್ಲೈಡು ಓದಿದವರ ಬಾಯಲ್ಲಿ ಮುಂದೆ ಬರುವ ಪ್ರಶ್ನೆ.

ಇನ್ನೊಂದು ವಿಷಯ, ಮೊದಲ ಸಾಲು. ಫೀಡಲ್ಲಿ ಒಂದನೇ ಸ್ಲೈಡೂ ಕ್ಯಾಪ್ಷನ್ನಿನ ಮೊದಲ ಸಾಲೂ ಒಂದೇ ಕ್ಷಣ ಕಣ್ಣಿಗೆ ಬೀಳುತ್ತವೆ. ಉಳಿದದ್ದು `more` ಒತ್ತಿದರೆ ಮಾತ್ರ. ನೀವು ಮೇಲೆ "ಬೆಲ್ಲ ಹಳದಿ ಇದ್ದಷ್ಟೂ ಒಳ್ಳೆಯದಾ?" ಅಂತ ದೊಡ್ಡದಾಗಿ ಬರೆದು, ಕೆಳಗೂ ಅದನ್ನೇ ಬರೆದರೆ, ಇರುವ ಒಂದೇ ಸಾಲು ಹೋಯಿತು. ನಾಲ್ಕನೇ ಸ್ಲೈಡಿನ ಮಾತು ಕೆಳಗೆ ಎಲ್ಲೋ ಮತ್ತೆ ಬಂದರೆ ಅಷ್ಟು ನಷ್ಟವಿಲ್ಲ. ಮೊದಲ ಸಾಲಿನಲ್ಲಿ ಬಂದರೆ ನಷ್ಟ.

ಹಾರ್ಡ್‌ವೇರ್ ಅಂಗಡಿ, ಕೆ.ಆರ್. ಪೇಟೆ
ನಾನು ಒಪ್ಪಲ್ಲ. ಸರ್ಚಲ್ಲಿ ಸಿಗಬೇಕು ಅಂದರೆ ಎಲ್ಲಾ ಕ್ಯಾಪ್ಷನ್ನಲ್ಲಿ ಇರಲೇಬೇಕು. ಚಿತ್ರದ ಮೇಲಿನ ಅಕ್ಷರ ಸರ್ಚಿಗೆ ಕಾಣುತ್ತೆ ಅಂತ ನಂಬಿ ಕೂರಲು ಆಗಲ್ಲ. ನಾನು ಪೂರ್ತಿ ರೇಟ್ ಲಿಸ್ಟೇ ಕ್ಯಾಪ್ಷನ್ನಿಗೆ ಹಾಕುತ್ತೇನೆ.

ಪ್ರೆಸ್ ಹಳಬ, ಮೈಸೂರು
ಸರ್ಚಿಗೆ ಕ್ಯಾಪ್ಷನ್ನಿನ ಪದಗಳು ಬೇಕು ಅನ್ನುವುದು ನಿಜ ಅಣ್ಣ. ಇನ್‌ಸ್ಟಾಗ್ರಾಮಿನವರೇ ಹಾಗೆ ಹೇಳಿದ್ದಾರೆ. ಆದರೆ ಪದ ಬೇಕು ಅಂದರೆ ಪ್ಯಾರಾ ಬೇಕು ಅಂತಲ್ಲ. "ಮಂಡ್ಯ ಬೆಲ್ಲ", "ಹೈಡ್ರೋಸ್ ಇಲ್ಲದ", "ಅಚ್ಚು ಬೆಲ್ಲ" ಅನ್ನುವುದು ಒಂದೊಂದು ಸಲ ವಾಕ್ಯದೊಳಗೆ ಬಂದರೆ ಸಾಕು. ಹುಡುಕುವವರು "ಗಾಳಿಯಾಡದ ಡಬ್ಬಿಯಲ್ಲಿ ಇಡಿ" ಅಂತ ಹುಡುಕಲ್ಲ, ಅಲ್ವಾ?

ಇನ್ನೊಂದು. ಕ್ಯಾಪ್ಷನ್ನಿಗೆ 2,200 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಅದು ಬೇಗ ಮುಗಿಯುತ್ತದೆ. ನಾವು "ಸ್ತ್ರೀ" ಅಂದರೆ ಒಂದೇ ಅಕ್ಷರ ಅಂದುಕೊಳ್ಳುತ್ತೇವೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಆರು: ಸ, ವಿರಾಮ, ತ, ವಿರಾಮ, ರ, ಈಕಾರ. ಮೊದಲ ಸಾಲಿಗೂ ಇದೇ ಪಾಡು, ನಾಲ್ಕೈದು ಪದದಲ್ಲಿ ಅರ್ಧ ಕಥೆ ಮುಗಿದಿರುತ್ತದೆ. ಏಳು ಸ್ಲೈಡನ್ನು ಮತ್ತೆ ಟೈಪ್ ಮಾಡುತ್ತಾ ಕೂತರೆ ನಿಮ್ಮ ಮಾತಿಗೆ ಜಾಗವೇ ಇರಲ್ಲ.

ನಿವೃತ್ತ ಮೇಷ್ಟ್ರು, ಕುವೆಂಪುನಗರ
ಅದು ವಿರಾಮವಲ್ಲ, ಹಲಂತ ಚಿಹ್ನೆ. ಉಳಿದದ್ದು ಸರಿ ಇದೆ.

ಪ್ರೆಸ್ ಹಳಬ, ಮೈಸೂರು
ಮೇಷ್ಟ್ರೇ, ಯೂನಿಕೋಡಲ್ಲಿ ಅದರ ಹೆಸರು ವಿರಾಮ ಅಂತಲೇ ಇದೆ. ಆದರೂ ನಿಮ್ಮ ಮಾತು ಮೀರಲ್ಲ.

ದೃಷ್ಟಿ ಬೇರೆ, ಮೈಸೂರು
ನಾನು ಫೋನಿನ ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವನು. ಇಲ್ಲಿ ಎಲ್ಲರೂ "ಮತ್ತೆ ಬರೆಯಬೇಡಿ" ಅನ್ನುತ್ತಿದ್ದೀರಿ. ನನ್ನ ಮಟ್ಟಿಗೆ ಆ ಮತ್ತೆ ಬರೆದದ್ದೇ ಮೊದಲ ಸಲ ಓದುವುದು. ಚಿತ್ರದ ಮೇಲಿನ ಕನ್ನಡ ನನ್ನ ಫೋನ್ ಓದುವುದು ಅಪರೂಪ, ಓದಿದರೂ ಅಡ್ಡಾದಿಡ್ಡಿ. ಆಲೆಮನೆ ಮಗಳ ಹಳೇ ಕ್ಯಾಪ್ಷನ್ ನನಗಂತೂ ಉಪಯೋಗವಾಗುತ್ತಿತ್ತು.

ಆಲೆಮನೆ ಮಗಳು
ಸರ್, ಇದು ನನ್ನ ತಲೆಗೇ ಬಂದಿರಲಿಲ್ಲ. ಹಾಗಾದರೆ ಹಳೆಯದನ್ನೇ ಇಟ್ಟುಬಿಡಲಾ?

ಪ್ರೆಸ್ ಹಳಬ, ಮೈಸೂರು
ಸರ್ ಹೇಳಿದ್ದು ಸರಿ, ನಾನು ಮೊದಲೇ ಹೇಳಬೇಕಿತ್ತು. ಅದಕ್ಕೆ ಬೇರೆ ಜಾಗವೇ ಇದೆ, ಆಲ್ಟ್ ಟೆಕ್ಸ್ಟ್. ಅಂದರೆ ಚಿತ್ರದ ಬಗ್ಗೆ ಬರೆದಿಡುವ ವಿವರಣೆ, ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಪ್ರತಿ ಸ್ಲೈಡಿಗೂ ಬೇರೆ ಬೇರೆ ಬರೆಯಬಹುದು. ಪೋಸ್ಟ್ ಆದ ಮೇಲೂ ಮೂರು ಚುಕ್ಕಿ ಒತ್ತಿ `Edit` ಗೆ ಹೋದರೆ ಸಿಗುತ್ತದೆ. ಸ್ಲೈಡಿನ ಮಾತನ್ನು ಹಾಗೇ ಅಲ್ಲಿ ಹಾಕಿ, ಜೊತೆಗೆ ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು. ಉದಾಹರಣೆಗೆ ಮೂರನೆಯದಕ್ಕೆ: "ಕೊಪ್ಪರಿಗೆಯ ಮೇಲೆ ತೇಲುವ ಮಡ್ಡಿಯನ್ನು ಜಾಲರಿಯಲ್ಲಿ ತೆಗೆಯುತ್ತಿರುವುದು. ಬರಹ: ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದು." ಆಗ ಯಾವ ಮಾತು ಯಾವ ಸ್ಲೈಡಿನದು ಅನ್ನುವುದೂ ಗೊತ್ತಾಗುತ್ತದೆ.

ದೃಷ್ಟಿ ಬೇರೆ, ಮೈಸೂರು
ಹಾಕಿದರೆ ಅದು ಕ್ಯಾಪ್ಷನ್ನಿಗಿಂತ ಚೆನ್ನ, ಒಪ್ಪುತ್ತೇನೆ. ಆದರೆ ಹಾಕುವವರು ಎಷ್ಟು ಜನ? "ಆಲ್ಟ್ ಟೆಕ್ಸ್ಟ್ ಹಾಕುತ್ತೇವೆ" ಅಂತ ಹೇಳಿ ಕ್ಯಾಪ್ಷನ್ನೂ ಕಿತ್ತು, ಅದನ್ನೂ ಹಾಕದೆ ಇದ್ದರೆ ನನಗೆ ಎರಡೂ ಹೋಯಿತು. ಮೊದಲು ಅದನ್ನು ಹಾಕಿ, ಆಮೇಲೆ ಕ್ಯಾಪ್ಷನ್ ಬದಲಿಸಿ.

ಹಾರ್ಡ್‌ವೇರ್ ಅಂಗಡಿ, ಕೆ.ಆರ್. ಪೇಟೆ
ಏಳು ಸ್ಲೈಡಿಗೆ ಏಳು ಸಲ ಟೈಪ್ ಮಾಡುವಷ್ಟು ಪುರುಸೊತ್ತು ಯಾರಿಗಿದೆ?

ದೃಷ್ಟಿ ಬೇರೆ, ಮೈಸೂರು
ಸ್ಲೈಡ್ ಮಾಡುವಾಗ ಹೇಗೂ ಟೈಪ್ ಮಾಡಿರುತ್ತೀರಲ್ಲ. ಕಾಪಿ, ಪೇಸ್ಟ್.

ಸೀರೆ ಅಂಗಡಿ ಅಕ್ಕ, ಮೈಸೂರು
ನನ್ನ ಕಥೆ ಕೇಳಿ. ಹೋದ ವರ್ಷ ದಸರಾಗೆ ಸೀರೆಗಳ ಕ್ಯಾರೋಸೆಲ್ ಹಾಕಿದೆ. ಬೆಲೆ ಪ್ರತಿ ಸ್ಲೈಡಿನ ಮೇಲೆ, ಕ್ಯಾಪ್ಷನ್ನಲ್ಲೂ ಅದೇ ಬೆಲೆ. ಮೂರು ದಿನಕ್ಕೆ ನಮಗೆ ಸರಕು ಕೊಡುವವರು ರೇಟು ಏರಿಸಿದರು. ಕ್ಯಾಪ್ಷನ್ ತಿದ್ದಿದೆ. ಸ್ಲೈಡ್ ತಿದ್ದಲು ಆಗಲಿಲ್ಲ. ಮೇಲೊಂದು ಬೆಲೆ, ಕೆಳಗೊಂದು ಬೆಲೆ. ಜನ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಅಂಗಡಿಗೇ ಬಂದರು. ಮಾತು ಉಳಿಸಿಕೊಳ್ಳಲು ಹಳೇ ಬೆಲೆಗೇ ಕೊಟ್ಟೆ.

ಪ್ರೆಸ್ ಹಳಬ, ಮೈಸೂರು
ಅಕ್ಕಾ, ಇದು ಬೆಲ್ಲಕ್ಕೂ ನೇರ ಅನ್ವಯ. ಚಿತ್ರದ ಮೇಲಿನ ಅಕ್ಷರ ಹಾಕಿದ ಮೇಲೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಬೇಕಾದರೆ ಆ ಸ್ಲೈಡನ್ನೇ ಕಿತ್ತುಹಾಕಬಹುದು, ಅಕ್ಷರ ಮಾತ್ರ ಬದಲಿಸಲು ಆಗಲ್ಲ. ಕ್ಯಾಪ್ಷನ್ ಯಾವಾಗ ಬೇಕಾದರೂ ತಿದ್ದಬಹುದು. ಹಾಗಾಗಿ ಈ ವಾರದ ಬೆಲೆ, ಅಚ್ಚು ಇದೆಯಾ ಪುಡಿ ಇದೆಯಾ, ಪಾರ್ಸೆಲ್ ಯಾವ ದಿನ ಹೋಗುತ್ತದೆ, ಇವೆಲ್ಲ ಕ್ಯಾಪ್ಷನ್ನಿಗೆ.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಸ್ಕ್ರೀನ್‌ಶಾಟ್ ವಾಟ್ಸಾಪಲ್ಲಿ ಊರೆಲ್ಲ ತಿರುಗುತ್ತದೆ, ಕ್ಯಾಪ್ಷನ್ ಅದರ ಜೊತೆ ಹೋಗಲ್ಲ. ಆದ್ದರಿಂದ ಪೇಜಿನ ಹೆಸರು, ಫೋನ್ ನಂಬರ್ ಸ್ಲೈಡಲ್ಲಿ ಇರಲೇಬೇಕು. ಅವು ಎರಡೂ ಕಡೆ ಬಂದರೂ ನಾನು ತಕರಾರು ಮಾಡಲ್ಲ.

ರೀಲ್ಸ್ ರಾಜ
ಸರಿ, ನಾನು ಒಂದು ಮೊದಲ ಸಾಲು ಕೊಡುತ್ತೇನೆ: "ಈ ಎರಡರಲ್ಲಿ ನಿಮ್ಮ ಮನೇಲಿ ಇರೋದು ಯಾವುದು?" ಹೇಗಿದೆ? ಒಂದನೇ ಸ್ಲೈಡಲ್ಲಿ ಹಳದಿ, ಕಂದು ಎರಡೂ ಅಚ್ಚು ಪಕ್ಕಪಕ್ಕ ಇವೆಯಲ್ಲ.

ಪ್ರೆಸ್ ಹಳಬ, ಮೈಸೂರು
ಸಾಲು ಚೆನ್ನಾಗಿದೆ, ಆದರೆ ಒಂದು ಗುಂಡಿ ಇದೆ. ಮೊದಲ ಸಲ ತಳ್ಳದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡಿಂದ ತೋರಿಸುತ್ತದೆ. ಆಗ ಮೇಲೆ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತಿದೆ, ಕೆಳಗೆ "ಈ ಎರಡರಲ್ಲಿ ಯಾವುದು" ಅಂತಿದೆ. ಯಾವ ಎರಡು? "ಹಳದಿ ಬೆಲ್ಲವೋ ಕಂದು ಬೆಲ್ಲವೋ, ನಿಮ್ಮ ಮನೇಲಿ ಯಾವುದು?" ಅಂದರೆ ಯಾವ ಸ್ಲೈಡಿನ ಕೆಳಗಾದರೂ ನಿಲ್ಲುತ್ತದೆ.

ರೀಲ್ಸ್ ರಾಜ
ಓಹ್, ಅದಕ್ಕೇನಾ ಒಂದೇ ಪೋಸ್ಟು ಎರಡು ಸಲ ಬರೋದು! ನಾನು ನನ್ನ ಫೋನ್ ಕೆಟ್ಟಿದೆ ಅಂದುಕೊಂಡಿದ್ದೆ.

ಕಬ್ಬು ಬೆಳೆಗಾರ, ಶ್ರೀರಂಗಪಟ್ಟಣ
ಕ್ಯಾಪ್ಷನ್ ಗಿಪ್ಷನ್ ನನಗೆ ಗೊತ್ತಿಲ್ಲ. ಐದನೇ ಸ್ಲೈಡ್ ತಪ್ಪಿದೆ. ಕಂದು ಇದ್ದ ತಕ್ಷಣ ಹೈಡ್ರೋಸ್ ಇಲ್ಲ ಅಂತ ಹೇಳಲು ಬರಲ್ಲ. ಉಪ್ಪು ನೆಲದ ಕಬ್ಬಾದರೆ, ಕಡಿದು ಎರಡು ದಿನ ಬಿಸಿಲಲ್ಲಿ ಬಿದ್ದ ಕಬ್ಬಾದರೆ, ಪಾಕ ಜಾಸ್ತಿ ಕಾದರೆ, ಬಣ್ಣ ಕಪ್ಪಗೇ ಬರುತ್ತದೆ. ತಳಿಯ ಮೇಲೂ ಹೋಗುತ್ತದೆ. ಒಳ್ಳೇ ನೆಲದ ಕಬ್ಬಾದರೆ ಏನೂ ಹಾಕದೆ ಹೊಂಬಣ್ಣ ಬರುವುದೂ ಉಂಟು. ಬರೀ ಕಣ್ಣಲ್ಲಿ ನೋಡಿ ತೀರ್ಮಾನ ಮಾಡಬೇಡಿ.

ಆಲೆಮನೆ ಮಗಳು
ಅಣ್ಣಾ, ಅಪ್ಪನೂ ಇದನ್ನೇ ಹೇಳಿದರು. ಸ್ಲೈಡಲ್ಲಿ ಜಾಗ ಇಲ್ಲ ಅಂತ ಬಿಟ್ಟೆ. ಅದನ್ನು ಕ್ಯಾಪ್ಷನ್ನಿಗೆ ಹಾಕಬಹುದಲ್ಲ? ಸ್ಲೈಡಲ್ಲಿ ಗಟ್ಟಿ ಮಾತು, ಕೆಳಗೆ "ಆದರೆ" ಅಂತ ವಿವರ.

ಪ್ರೆಸ್ ಹಳಬ, ಮೈಸೂರು
ಸಾಮಾನ್ಯವಾಗಿ ಹೌದು. ವಿವರ, ಹಿನ್ನೆಲೆ, "ನಮ್ಮಲ್ಲಿ ಹೀಗೆ" ಅನ್ನುವುದಕ್ಕೆ ಕ್ಯಾಪ್ಷನ್ನೇ ಸರಿ.

ಕಬ್ಬು ಬೆಳೆಗಾರ, ಶ್ರೀರಂಗಪಟ್ಟಣ
ಅದು ಹೇಗೆ ಸರಿ? ನೀವೇ ಈಗ ಸ್ಕ್ರೀನ್‌ಶಾಟ್ ಜೊತೆ ಕ್ಯಾಪ್ಷನ್ ಹೋಗಲ್ಲ ಅಂದಿರಿ. ಐದನೇ ಸ್ಲೈಡ್ ಒಂದೇ ವಾಟ್ಸಾಪಲ್ಲಿ ಸುತ್ತಿದರೆ, ಏನೂ ಹಾಕದೆ ಹೊಂಬಣ್ಣದ ಬೆಲ್ಲ ಮಾಡಿದವನ ಗತಿ? "ಆದರೆ" ಅನ್ನುವ ಮಾತು ಮನೇಲೇ ಉಳಿಯಿತಲ್ಲ.

ಪ್ರೆಸ್ ಹಳಬ, ಮೈಸೂರು
ಸಿಕ್ಕಿಬಿದ್ದೆ. ನೀವು ಹೇಳಿದ್ದು ಸರಿ. ವಿವರ ಬಿಟ್ಟರೆ ಅರ್ಥ ಕಮ್ಮಿಯಾಗುತ್ತದೆ ಅಂದರೆ ಅದು ಕ್ಯಾಪ್ಷನ್ನಿಗೆ ಹೋಗಲಿ. ಬಿಟ್ಟರೆ ಮಾತೇ ಸುಳ್ಳಾಗುತ್ತದೆ ಅಂದರೆ ಸ್ಲೈಡಲ್ಲೇ ಇರಬೇಕು. ಇಲ್ಲಿ ಎರಡನೆಯದು.

ಸೀರೆ ಅಂಗಡಿ ಅಕ್ಕ, ಮೈಸೂರು
ಎಲ್ಲಾ "ಆದರೆ"ಗಳನ್ನೂ ಸ್ಲೈಡಿಗೆ ತುಂಬಿದರೆ ಯಾರು ಓದುತ್ತಾರೆ? ಸ್ಲೈಡ್ ಅಂದರೆ ಬಸ್ಸಿನ ಬೋರ್ಡು, ಒಂದು ನೋಟಕ್ಕೆ ತಿಳಿಯಬೇಕು. ನಾನು ಈ ವಿಷಯದಲ್ಲಿ ಆಲೆಮನೆ ಮಗಳ ಕಡೆ.

ಕಬ್ಬು ಬೆಳೆಗಾರ, ಶ್ರೀರಂಗಪಟ್ಟಣ
ಬೋರ್ಡಲ್ಲಿ ಮಳವಳ್ಳಿ ಅಂತ ಹಾಕಿ ಬಸ್ಸು ನಾಗಮಂಗಲಕ್ಕೆ ಹೋದರೆ ಆಗುತ್ತದಾ ಅಕ್ಕಾ?

ಆಲೆಮನೆ ಮಗಳು
ಜಗಳ ಬೇಡ. "ಕಂದು ಬೆಲ್ಲ" ಅನ್ನುವ ಕಡೆ "ನಮ್ಮ ಬೆಲ್ಲ" ಅಂತ ಬರೆದರೆ? "ನಮ್ಮ ಬೆಲ್ಲಕ್ಕೆ ಹೈಡ್ರೋಸ್ ಹಾಕಲ್ಲ, ಅದಕ್ಕೇ ಅಷ್ಟು ತಿಳಿಯಾಗಿಲ್ಲ." ಇದು ನಮ್ಮೊಬ್ಬರ ಮಾತು, ಊರಿನ ಬೆಲ್ಲಕ್ಕೆಲ್ಲ ಸರ್ಟಿಫಿಕೇಟ್ ಅಲ್ಲ.

ಕಬ್ಬು ಬೆಳೆಗಾರ, ಶ್ರೀರಂಗಪಟ್ಟಣ
ಇದಕ್ಕೆ ನನ್ನ ತಕರಾರಿಲ್ಲ. ಅಪ್ಪನಿಗೆ ನಮಸ್ಕಾರ ಹೇಳು ತಂಗಿ.

ಆಲೆಮನೆ ಮಗಳು
ಅಕ್ಷರ ತಿದ್ದಲು ಆಗಲ್ಲವಲ್ಲ, ಹಳೇ ಪೋಸ್ಟ್ ತೆಗೆದು ಹೊಸದಾಗಿ ಹಾಕುತ್ತೇನೆ. ಕೊನೆ ಸ್ಲೈಡಿಂದ ಬೆಲೆ ತೆಗೆದು, ಪೇಜಿನ ಹೆಸರು, ನಂಬರ್ ಮಾತ್ರ ಬಿಟ್ಟಿದ್ದೇನೆ. ಕ್ಯಾಪ್ಷನ್ ಹೀಗೆ ಬರೆದಿದ್ದೇನೆ, ನೋಡಿ:

"ಸೀದು ಹೋಗಿದೆಯಾ?" ನಮ್ಮ ಬೆಲ್ಲ ನೋಡಿದವರು ಮೊದಲು ಕೇಳುವುದು ಇದನ್ನೇ.
ಸೀದಿಲ್ಲ. ಸೀದಿದ್ದರೆ ನಾಲಿಗೆಗೆ ಕಹಿ ಗೊತ್ತಾಗುತ್ತದೆ. ಮಂಡಿಯಲ್ಲಿ ಈ ಬಣ್ಣಕ್ಕೆ ರೇಟು ಕಮ್ಮಿ ಹೇಳುತ್ತಾರೆ, ಅದಕ್ಕೇ ಅಪ್ಪ ನೇರವಾಗಿ ಮಾರಲು ಶುರು ಮಾಡಿದರು.
ಮಳೆಗಾಲದಲ್ಲಿ ಇದು ಬೇಗ ನೀರು ಬಿಡುತ್ತದೆ. ಒಂದೇ ಸಲ ಜಾಸ್ತಿ ತರಿಸಬೇಡಿ, ತಿಂಗಳಿಗೆ ಆಗುವಷ್ಟು ಸಾಕು.
ಈ ವಾರ ಅಚ್ಚು ಬೆಲ್ಲ ಮಾತ್ರ ಇದೆ, ಪುಡಿ ಇಲ್ಲ. ಪಾರ್ಸೆಲ್ ಸೋಮವಾರ, ಗುರುವಾರ. ಬೆಲೆಗೆ ಕೊನೆ ಸ್ಲೈಡಿನ ನಂಬರಿಗೆ ಮೆಸೇಜ್ ಮಾಡಿ.
ಬೆಲ್ಲದ ಪಾಯಸಕ್ಕೆ ಹಾಲು ಒಡೆಯದ ಹಾಗೆ ನೀವು ಏನು ಮಾಡುತ್ತೀರಿ?

ಗೌಡ್ರ ಮನೆ ಸೊಸೆ, ಮದ್ದೂರು
ಕೊನೇ ಪ್ರಶ್ನೆಗೆ ಉತ್ತರ ನಾನೇ ಮೊದಲು ಬರೆಯುತ್ತೇನೆ, ಪೋಸ್ಟ್ ಹಾಕಿದಾಗ ಹೇಳು.

ಪ್ರೆಸ್ ಹಳಬ, ಮೈಸೂರು
ಚೆನ್ನಾಗಿದೆ. ಎರಡು ಪರೀಕ್ಷೆ ಮಾಡಿದೆ. ಸ್ಲೈಡ್ ಮುಚ್ಚಿ ಕ್ಯಾಪ್ಷನ್ ಒಂದೇ ಓದಿದೆ, ಅರ್ಥವಾಯಿತು. ಆಮೇಲೆ ಸ್ಲೈಡಲ್ಲಿ ಇರುವ ವಾಕ್ಯ ಇಲ್ಲಿ ಎಲ್ಲಾದರೂ ಇದೆಯಾ ಅಂತ ಗೆರೆ ಎಳೆಯಲು ಹೋದೆ, ಒಂದೂ ಸಿಗಲಿಲ್ಲ. ಎರಡು ತಿದ್ದುಪಡಿ ಮಾತ್ರ. "ಮಂಡ್ಯ" ಅನ್ನುವ ಪದವೇ ಬಂದಿಲ್ಲ, ಕೆ.ಆರ್. ಪೇಟೆ ಅಣ್ಣನ ಸರ್ಚಿಗೆ ಅದು ಬೇಕು. "ಹೈಡ್ರೋಸ್" ಕೂಡ ಒಂದು ಸಲ ಬರಲಿ. ಇನ್ನು ಬೆಲೆಯನ್ನು ಮೆಸೇಜಿಗೆ ಯಾಕೆ ತಳ್ಳಿದಿರಿ? ಇಲ್ಲೇ ಬರೆಯಿರಿ, ಬದಲಾದರೆ ತಿದ್ದಬಹುದು ಅಂತ ತಾನೇ ಇಷ್ಟು ಹೊತ್ತು ಮಾತಾಡಿದ್ದು.

ಆಲೆಮನೆ ಮಗಳು
ಬೆಲೆ ಬರೆದರೆ ಪಕ್ಕದ ಆಲೆಮನೆಯವರು ನೋಡುತ್ತಾರೆ ಅಂತ ಅಣ್ಣ ಬೇಡ ಅಂದ ಸರ್. ಅದೊಂದು ಮನೆ ಜಗಳ, ಇನ್ನೂ ಮುಗಿದಿಲ್ಲ.

ಹಾರ್ಡ್‌ವೇರ್ ಅಂಗಡಿ, ಕೆ.ಆರ್. ಪೇಟೆ
ನಾನು ಮಾತ್ರ ರೇಟ್ ಲಿಸ್ಟ್ ತೆಗೆಯಲ್ಲ. ಮೊಳೆಗೆ ಏನು ಕಥೆ ಬರೆಯಲಿ?

ಪ್ರೆಸ್ ಹಳಬ, ಮೈಸೂರು
ತೆಗೆಯಬೇಡಿ ಅಣ್ಣ. ದಿನಾ ಬದಲಾಗುವ ರೇಟಿಗೆ ಕ್ಯಾಪ್ಷನ್ನೇ ಸರಿ. ಸ್ಲೈಡಿಂದ ತೆಗೆಯಿರಿ. ಅಲ್ಲಿ ಯಾವ ಗೋಡೆಗೆ ಯಾವ ಮೊಳೆ ಅಂತ ಚಿತ್ರ ಹಾಕಿ.

ಆಲೆಮನೆ ಮಗಳು
ಹೊಸ ಪೋಸ್ಟ್ ಹಾಕಿದೆ. ಮಂಡ್ಯ, ಹೈಡ್ರೋಸ್ ಎರಡೂ ಸೇರಿಸಿದೆ. ಆಲ್ಟ್ ಟೆಕ್ಸ್ಟ್ ಕೂಡ ಹಾಕಿದ್ದೇನೆ. ಸರ್, ಪುರುಸೊತ್ತಾದಾಗ ಒಮ್ಮೆ ಕೇಳಿ ಹೇಳುತ್ತೀರಾ?

ದೃಷ್ಟಿ ಬೇರೆ, ಮೈಸೂರು
ಕೇಳಿದೆ. ಆರು ಸ್ಲೈಡ್ ಚೆನ್ನಾಗಿ ಓದಿತು. ನಾಲ್ಕನೆಯದಕ್ಕೆ ಬರೀ ಚಿತ್ರ ಅಂತ ಹೇಳಿ ಮುಂದೆ ಹೋಯಿತು. ಅಲ್ಲೇ ಅಲ್ಲವೇ ಹೈಡ್ರೋಸ್ ವಿಷಯ ಇರುವುದು?

ಆಲೆಮನೆ ಮಗಳು
ಅಯ್ಯೋ, ಹೌದು ಸರ್. ಅಲ್ಲಿ ಬಿಟ್ಟುಹೋಗಿತ್ತು. ಈಗ ಹಾಕಿದೆ.